ಪರಿಮಾಣ ಒಂದರದು, ಪ್ರಾವಸ್ಥೆ ಇನ್ನೊಂದರದು: ಅದಲುಬದಲು ಮಾಡಿದ ಚಿತ್ರದಲ್ಲಿ ಕಾಣುವುದು ಯಾವುದು?

ಈ ಉಪನ್ಯಾಸವೆಲ್ಲ ಒಂದೇ ಪ್ರಯೋಗದ ಸುತ್ತ ನಡೆಯುತ್ತದೆ. ಒಂದೇ ಅಳತೆಯ ಎರಡು ಕಪ್ಪುಬಿಳುಪು ಚಿತ್ರಗಳನ್ನು ತೆಗೆದುಕೊಂಡು, ಎರಡಕ್ಕೂ ದ್ವಿಆಯಾಮ ಫೂರಿಯೇ ರೂಪಾಂತರವನ್ನು ಮಾಡುತ್ತೇವೆ, ಅಂದರೆ ಪ್ರತಿ ಚಿತ್ರವನ್ನೂ ಬೇರೆ ಬೇರೆ ಆವೃತ್ತಿಯ ಅಲೆಗಳಾಗಿ ಬಿಡಿಸುತ್ತೇವೆ. ಆಗ ಪ್ರತಿಯೊಂದು ಆವೃತ್ತಿಗೂ ಒಂದೊಂದು ಸಂಮಿಶ್ರ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯ ಉದ್ದವೇ ಪರಿಮಾಣ, ಅದು ತಿರುಗಿರುವ ಕೋನವೇ ಪ್ರಾವಸ್ಥೆ. ಮೊದಲನೆಯ ಚಿತ್ರದ ಪರಿಮಾಣಗಳನ್ನು ಎರಡನೆಯದರ ಪ್ರಾವಸ್ಥೆಗಳೊಂದಿಗೆ ಕೂಡಿಸಿ ವಿಲೋಮ ರೂಪಾಂತರ ಮಾಡಿದರೆ ಹೊಸದೊಂದು ಚಿತ್ರ ಹುಟ್ಟುತ್ತದೆ. ಆ ಚಿತ್ರ ಯಾರ ಹಾಗಿರುತ್ತದೆ ಎಂದು ಮುಂಚಿತವಾಗಿ ಕೇಳಿದರೆ, ಹೆಚ್ಚಿನವರು ಎರಡೂ ಬೆರೆತಿರಬಹುದು ಎನ್ನುತ್ತಾರೆ. ಆದರೆ ತೆರೆಯ ಮೇಲೆ ಮೂಡುವುದು ಪ್ರಾವಸ್ಥೆಯನ್ನು ಕೊಟ್ಟ ಚಿತ್ರ. ಸ್ವಲ್ಪ ಮಸುಕಾಗಿ, ಸ್ವಲ್ಪ ಗೀರುಗೀರಾಗಿ, ಆದರೂ ಸಂದೇಹಕ್ಕೆ ಎಡೆಯಿಲ್ಲದಂತೆ. ಪರಿಮಾಣವನ್ನು ಕೊಟ್ಟ ಚಿತ್ರದ ಸುಳಿವು ಸಿಗುವುದೇ ಕಷ್ಟ.

ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಪೈಥಾನ್‌ನ `skimage` ಜೊತೆಗೇ ಬರುವ ಎರಡು ಪರೀಕ್ಷಾ ಚಿತ್ರಗಳು ಇದಕ್ಕೆ ಸಾಕು. `camera` ಎಂಬುದರಲ್ಲಿ ಕ್ಯಾಮೆರಾ ಹಿಡಿದ ಛಾಯಾಗ್ರಾಹಕನಿದ್ದಾನೆ, `astronaut` ಎಂಬುದರಲ್ಲಿ ಗಗನಯಾತ್ರಿ ಐಲೀನ್ ಕಾಲಿನ್ಸ್ ಇದ್ದಾರೆ. ಎರಡೂ 512×512 ಪಿಕ್ಸೆಲ್ಲಿನವು.

```python
import numpy as np
from skimage import data, color, util

a = util.img_as_float(data.camera())
b = color.rgb2gray(data.astronaut())
A = np.fft.fft2(a - a.mean())
B = np.fft.fft2(b - b.mean())
x = np.fft.ifft2(np.abs(A) * np.exp(1j * np.angle(B)))
print(np.abs(x.imag).max())
```

ಇಲ್ಲಿ `x` ಎಂಬುದರ ವಾಸ್ತವ ಭಾಗವೇ ನಮಗೆ ಬೇಕಾದ ಚಿತ್ರ. ಛಾಯಾಗ್ರಾಹಕನ ಪರಿಮಾಣ, ಗಗನಯಾತ್ರಿಯ ಪ್ರಾವಸ್ಥೆ, ಕಾಣಿಸುವವರು ಗಗನಯಾತ್ರಿ. ಕೊನೆಯ ಸಾಲು ಕಾಲ್ಪನಿಕ ಭಾಗದ ಅತ್ಯಧಿಕ ಬೆಲೆಯನ್ನು ಮುದ್ರಿಸುತ್ತದೆ. ಅದು ಸೊನ್ನೆಗೆ ತೀರ ಹತ್ತಿರವಿರಬೇಕು, 10⁻¹⁰ಕ್ಕಿಂತ ಬಹಳ ಕಡಿಮೆ. ವಾಸ್ತವ ಸಂಖ್ಯೆಗಳ ಚಿತ್ರದಲ್ಲಿ (u, v) ಮತ್ತು (−u, −v) ಆವೃತ್ತಿಗಳ ಪರಿಮಾಣ ಒಂದೇ ಆಗಿದ್ದು ಪ್ರಾವಸ್ಥೆಯ ಚಿಹ್ನೆ ಮಾತ್ರ ವಿರುದ್ಧವಾಗಿರುತ್ತದೆ. ಅದಲುಬದಲು ಮಾಡಿದರೂ ಈ ಸಮತೆ ಕೆಡುವುದಿಲ್ಲವಾದ್ದರಿಂದ ಫಲಿತಾಂಶವೂ ವಾಸ್ತವವೇ ಆಗಬೇಕು. ಕಾಲ್ಪನಿಕ ಭಾಗ ದೊಡ್ಡದಾಗಿ ಬಂದರೆ ಎಲ್ಲೋ ತಪ್ಪಿದೆ ಎಂದರ್ಥ. ಸಾಮಾನ್ಯವಾಗಿ ಒಂದು ರೂಪಾಂತರಕ್ಕೆ, ಸೊನ್ನೆ ಆವೃತ್ತಿಯನ್ನು ನಡುವಿಗೆ ತರುವ `fftshift` ಹಚ್ಚಿ ಇನ್ನೊಂದಕ್ಕೆ ಹಚ್ಚದೆ ಬಿಟ್ಟಿರುವುದೇ ಅದರ ಕಾರಣವೆಂದು ಅಂದುಕೊಳ್ಳುತ್ತೇವೆ. ಆದರೆ 512ರಂತಹ ಸಮಸಂಖ್ಯೆಯ ಅಳತೆಯಲ್ಲಿ ಆ ತಪ್ಪು ಈ ಸಮತೆಯನ್ನು ಕೆಡಿಸುವುದಿಲ್ಲ, ಹಾಗಾಗಿ ಈ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುವುದೂ ಇಲ್ಲ. ಅದನ್ನು ಹಿಡಿಯಲು `np.abs(A)` ಜೊತೆಗೆ `A`ಯದೇ ಪ್ರಾವಸ್ಥೆಯನ್ನು, `np.abs(B)` ಜೊತೆಗೆ `B`ಯದೇ ಪ್ರಾವಸ್ಥೆಯನ್ನು ಕೂಡಿಸಿ, ಸರಾಸರಿ ಕಳೆದ ಎರಡೂ ಮೂಲ ಚಿತ್ರಗಳು ಹಾಗೆಯೇ ಮರಳಿ ಬರುತ್ತವೆಯೇ ಎಂದು ನೋಡಬೇಕು. ಈ ಎರಡು ತಪಾಸಣೆಗಳನ್ನು ಮುಗಿಸದೆ ಕಣ್ಣಿಗೆ ಕಂಡದ್ದನ್ನು ನಂಬಬಾರದು.

ಇನ್ನು ಇದು ಹೀಗೇಕೆ ಎಂಬ ಪ್ರಶ್ನೆ. ಮೊದಲು ಒಂದು ವಿಪರೀತ ಉದಾಹರಣೆಯನ್ನು ನೋಡೋಣ. ಪೂರ್ತಿ ಕಪ್ಪಾದ ಚಿತ್ರದಲ್ಲಿ ಒಂದೇ ಒಂದು ಪಿಕ್ಸೆಲ್ ಬೆಳಗುತ್ತಿದೆ ಎಂದುಕೊಳ್ಳಿ. ಅದು ಎಲ್ಲೇ ಇರಲಿ, ಮೂಲೆಯಲ್ಲಿರಲಿ ನಡುವಿನಲ್ಲಿರಲಿ, ಅದರ ಪರಿಮಾಣ ಎಲ್ಲ ಆವೃತ್ತಿಗಳಲ್ಲಿಯೂ ಒಂದೇ. (p, q) ಎಂಬ ಜಾಗದಲ್ಲಿದ್ದರೆ ಅದರ ಪ್ರಾವಸ್ಥೆ −2π(up + vq)/N, ಅಂದರೆ ಆವೃತ್ತಿಯೊಂದಿಗೆ ನೇರ ಗೆರೆಯಂತೆ ಇಳಿಯುವ ಕೋನ. ಆ ಗೆರೆಯ ಓಟದಲ್ಲಿಯೇ p ಮತ್ತು q ಅಡಗಿವೆ. ಇಂಥ ಎರಡು ಚಿತ್ರಗಳ ನಡುವೆ ಪರಿಮಾಣವನ್ನು ಅದಲುಬದಲು ಮಾಡಿದರೆ ಏನೂ ಬದಲಾಗುವುದಿಲ್ಲ. ಪ್ರಾವಸ್ಥೆಯನ್ನು ಅದಲುಬದಲು ಮಾಡಿದರೆ ಚುಕ್ಕೆಗಳು ತಮ್ಮ ಜಾಗಗಳನ್ನೇ ಬದಲಿಸಿಕೊಳ್ಳುತ್ತವೆ. ಯಾವ ಚಿತ್ರವನ್ನೇ ಆಗಲಿ, ಅಂಚಿನಿಂದ ಹೊರಹೋದದ್ದು ಎದುರಿನ ಅಂಚಿನಿಂದ ಒಳಬರುವಂತೆ ಸರಿಸಿದರೆ ಇದೇ ಆಗುತ್ತದೆ: ಪರಿಮಾಣಕ್ಕೆ ಅದರ ಅರಿವೇ ಇರುವುದಿಲ್ಲ. ‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಪ್ರಾವಸ್ಥೆ ಮಾತ್ರ.

ಆದರೆ ಇಡೀ ಚಿತ್ರ ಎಲ್ಲಿದೆ ಎಂಬುದಕ್ಕಿಂತ, ಚಿತ್ರದೊಳಗೆ ಅಂಚುಗಳು ಎಲ್ಲಿವೆ ಎಂಬುದು ನಮ್ಮ ಕಣ್ಣಿಗೆ ಮುಖ್ಯ. ಮುಖದ ಹೊರಗೆರೆ, ಕಣ್ಣಿನ ರೆಪ್ಪೆ, ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡ್, ಇವೆಲ್ಲವೂ ಬೆಳಕು ಥಟ್ಟನೆ ಬದಲಾಗುವ ಜಾಗಗಳು. ಒಂದು ಅಂಚು ಅಲೆಗಳಿಂದ ಹೇಗೆ ಹುಟ್ಟುತ್ತದೆ ಎಂಬುದನ್ನು ಒಂದೇ ಸಾಲಿನಲ್ಲಿ, ಅಂದರೆ ಏಕಆಯಾಮದಲ್ಲಿ, ಕೈಲೆಕ್ಕದಿಂದಲೇ ನೋಡಬಹುದು. ಚೌಕ ಅಲೆಯನ್ನು ಹೀಗೆ ಬರೆಯುತ್ತೇವೆ:

```
sin x + (sin 3x)/3 + (sin 5x)/5 + ...
```

ತ್ರಿಕೋನ ಅಲೆಯನ್ನು ಹೀಗೆ:

```
cos x + (cos 3x)/9 + (cos 5x)/25 + ...
```

ಮೊದಲನೆಯದರಲ್ಲಿ x = 0 ಎಂಬಲ್ಲಿ ಒಂದು ಅಂಚಿದೆ; ಬೆಲೆ ಋಣದಿಂದ ಧನಕ್ಕೆ ಜಿಗಿಯುತ್ತದೆ. ಎರಡನೆಯದರಲ್ಲಿ ಅದೇ ಜಾಗದಲ್ಲಿ ಒಂದು ಶಿಖರವಿದೆ. ಈಗ ಅದಲುಬದಲು ಮಾಡೋಣ. ಚೌಕ ಅಲೆಯ ಪ್ರಾವಸ್ಥೆಯನ್ನು, ಅಂದರೆ ಎಲ್ಲವೂ ಸೈನ್ ಎಂಬ ಗುಣವನ್ನು, ಉಳಿಸಿಕೊಂಡು ತ್ರಿಕೋನದ ಪರಿಮಾಣಗಳನ್ನು ಹಾಕಿದರೆ `sin x + (sin 3x)/9 + (sin 5x)/25 + ...` ಎಂದಾಗುತ್ತದೆ. ಇದರ ಇಳಿಜಾರು `cos x + (cos 3x)/3 + (cos 5x)/5 + ...`. ಎಲ್ಲ ಕೊಸೈನ್‌ಗಳೂ x = 0 ಎಂಬಲ್ಲಿ ಒಟ್ಟಿಗೆ ತಮ್ಮ ಗರಿಷ್ಠವನ್ನು ಮುಟ್ಟುವುದರಿಂದ ಇಳಿಜಾರು ಅತಿ ಕಡಿದಾಗಿರುವುದು ಅಲ್ಲಿಯೇ. ಮೊದಲ ಮೂರು ಪದಗಳನ್ನಷ್ಟೇ ಕೂಡಿದರೂ ಅಲ್ಲಿ ಇಳಿಜಾರು 1.53, ಬರಿಯ ಸೈನ್ ಅಲೆಯಾಗಿದ್ದರೆ 1. ಅಂಚು ಮೃದುವಾಯಿತು, ಆದರೆ ಇದ್ದ ಜಾಗದಲ್ಲಿಯೇ ಇದೆ, ಅಂಚಾಗಿಯೇ ಇದೆ. ಇತ್ತ ತ್ರಿಕೋನದ ಪ್ರಾವಸ್ಥೆಗೆ ಚೌಕದ ಪರಿಮಾಣಗಳನ್ನು ಕೊಟ್ಟರೆ `cos x + (cos 3x)/3 + (cos 5x)/5 + ...` ಎಂದಾಗುತ್ತದೆ. ಚೌಕ ಅಲೆಯ ಪರಿಮಾಣಗಳು ಒಂದೂ ಬಿಡದೆ ಇಲ್ಲಿವೆ, ಆದರೂ ಅಂಚಿನ ಕುರುಹೇ ಇಲ್ಲ. ಇರುವುದು ತ್ರಿಕೋನದ್ದಕ್ಕಿಂತ ಚೂಪಾದ ಒಂದು ಶಿಖರ. ಏನು ಇದೆ, ಎಲ್ಲಿದೆ ಎಂಬುದನ್ನು ಪ್ರಾವಸ್ಥೆ ನಿರ್ಧರಿಸಿತು. ಎಷ್ಟು ಚೂಪು ಎಂಬುದನ್ನಷ್ಟೇ ಪರಿಮಾಣ ನಿರ್ಧರಿಸಿತು.

ಕೋಲಾಟದಲ್ಲಿ ಎಲ್ಲರ ಕೋಲುಗಳೂ ಒಂದೇ ಗಳಿಗೆಗೆ ತಾಗಿದಾಗ ಹುಟ್ಟುವ ಸಪ್ಪಳದಂತೆ ಅಂಚು ಎನ್ನಬಹುದು. ಒಬ್ಬರು ಮೆಲ್ಲಗೆ ಹೊಡೆದು ಇನ್ನೊಬ್ಬರು ಜೋರಾಗಿ ಹೊಡೆದರೆ ಸಪ್ಪಳದ ಬಣ್ಣ ಬದಲಾದೀತು, ತಾಳ ತಪ್ಪುವುದಿಲ್ಲ. ಅದೇ ಬಲದಿಂದ ಒಬ್ಬೊಬ್ಬರು ಒಂದೊಂದು ಗಳಿಗೆಗೆ ಹೊಡೆದರೆ ಗದ್ದಲ ಮಾತ್ರ ಉಳಿಯುತ್ತದೆ.

ಎರಡು ಆಯಾಮಕ್ಕೆ ಬಂದಾಗ ಇದರ ಜೊತೆಗೆ ಮತ್ತೊಂದು ಸಂಗತಿ ಸೇರುತ್ತದೆ, ಮತ್ತು ಅದಲುಬದಲು ಇಷ್ಟು ಚೆನ್ನಾಗಿ ಫಲಿಸುವುದಕ್ಕೆ ಅದೂ ಒಂದು ಕಾರಣ. ನಿಸರ್ಗದ, ಊರಿನ, ಮನುಷ್ಯರ ಸಾಧಾರಣ ಚಿತ್ರಗಳ ಪರಿಮಾಣಗಳು ಒಂದನ್ನೊಂದು ಬಹಳ ಹೋಲುತ್ತವೆ. ಆವೃತ್ತಿ ಎರಡು ಪಟ್ಟಾದರೆ ಪರಿಮಾಣ ಸರಿಸುಮಾರು ಅರ್ಧವಾಗುತ್ತದೆ. 1/f ಎಂಬ ಈ ನಿಯಮ ಚಿತ್ರದಿಂದ ಚಿತ್ರಕ್ಕೆ ತುಸು ಆಚೀಚೆಯಾಗುತ್ತದೆಯೇ ಹೊರತು ಕೈಬಿಡುವುದಿಲ್ಲ. ಹೀಗಾಗಿ ಛಾಯಾಗ್ರಾಹಕನ ಪರಿಮಾಣವನ್ನು ಗಗನಯಾತ್ರಿಗೆ ಕೊಟ್ಟಾಗ ನಾವು ಕೊಟ್ಟದ್ದು ಅಷ್ಟೇನೂ ಪರಕೀಯವಾದುದಲ್ಲ. ಪ್ರಾವಸ್ಥೆಗಳಿಗೆ ಅಂಥ ಸಾಮಾನ್ಯ ನಿಯಮವೇ ಇಲ್ಲ. ಎರಡು ಬೇರೆ ಬೇರೆ ಚಿತ್ರಗಳ ಪ್ರಾವಸ್ಥೆಗಳಿಗೆ ಒಂದಕ್ಕೊಂದು ನಂಟಿರುವುದಿಲ್ಲ.

ಇದನ್ನು ಒಂದು ಅಂಕಿಗೆ ಇಳಿಸಬಹುದು. ಹೊಸ ಚಿತ್ರಕ್ಕೂ ಪರಿಮಾಣ ಕೊಟ್ಟ ಚಿತ್ರಕ್ಕೂ ಇರುವ ಸಹಸಂಬಂಧವನ್ನು ಆವೃತ್ತಿಗಳ ಲೆಕ್ಕದಲ್ಲಿ ಬರೆದರೆ, ಪ್ರತಿಯೊಂದು ಪದದಲ್ಲಿಯೂ ಎರಡು ಪ್ರಾವಸ್ಥೆಗಳ ವ್ಯತ್ಯಾಸದ ಕೊಸೈನ್ ಕುಳಿತಿರುತ್ತದೆ. ಆ ವ್ಯತ್ಯಾಸ ಯಾವ ಕೋನವಾದರೂ ಆಗಬಹುದಾದ್ದರಿಂದ ಧನ ಪದಗಳೂ ಋಣ ಪದಗಳೂ ಪರಸ್ಪರ ಹೊಡೆದುಹೋಗಿ ಮೊತ್ತ ಸೊನ್ನೆಯ ಸುತ್ತಮುತ್ತ ಇರುತ್ತದೆ. ಪ್ರಾವಸ್ಥೆ ಕೊಟ್ಟ ಚಿತ್ರದೊಂದಿಗಿನ ಸಹಸಂಬಂಧದಲ್ಲಿ ಆ ಕೊಸೈನ್ ಎಲ್ಲೆಡೆಯೂ 1. ಉಳಿಯುವುದು ಎರಡು ಪರಿಮಾಣಗಳ ಗುಣಲಬ್ಧ, ಮತ್ತು ಪರಿಮಾಣ ಎಂದೂ ಋಣವಾಗಲಾರದು. ಹಾಗಾಗಿ ಹೊಡೆದುಹೋಗುವ ಪ್ರಶ್ನೆಯೇ ಇಲ್ಲ. ಎರಡೂ ಚಿತ್ರಗಳು ಒಂದೇ ಸರಾಸರಿ ನಿಯಮವನ್ನು ಅನುಸರಿಸುತ್ತವೆ, ಆ ಸರಾಸರಿಯ ಸುತ್ತ ಅವುಗಳ ಪರಿಮಾಣಗಳು ಸ್ವತಂತ್ರವಾಗಿ ರೇಲಿ ವಿತರಣೆಯಂತೆ ಏರಿಳಿಯುತ್ತವೆ ಎಂದು ಊಹಿಸಿಕೊಂಡರೆ, ಈ ಸಹಸಂಬಂಧ π/4 ಎಂದು ಬರುತ್ತದೆ, ಅಂದರೆ ಸುಮಾರು 0.785. ಒಂದು ಕಡೆ 0.785, ಇನ್ನೊಂದು ಕಡೆ 0. ನಿಜವಾದ ಚಿತ್ರಗಳಲ್ಲಿ ಈ ಅಂಕಿ ಇದೇ ಆಗಿರುವುದಿಲ್ಲ, ಏಕೆಂದರೆ ಶಕ್ತಿಯ ಬಹುಪಾಲು ಕೆಲವೇ ಕೆಳ ಆವೃತ್ತಿಗಳಲ್ಲಿ ತುಂಬಿಕೊಂಡಿರುತ್ತದೆ, ಆ ಕೆಲವು ಹೇಗಿವೆ ಎಂಬುದರ ಮೇಲೆ ಮೊತ್ತ ಅಲುಗಾಡುತ್ತದೆ. ಆದರೂ ಯಾವ ಬದಿ ಗೆಲ್ಲುತ್ತದೆ ಎಂಬುದಕ್ಕೆ ಈ ಲೆಕ್ಕ ನನಗೆ ಚಿತ್ರಕ್ಕಿಂತ ಹೆಚ್ಚು ಒಪ್ಪಿಗೆಯಾಗುವ ಸಾಕ್ಷಿ. ತಪ್ಪಾದ ಪರಿಮಾಣ ಅರ್ಧ ತಪ್ಪು. ತಪ್ಪಾದ ಪ್ರಾವಸ್ಥೆ ಪೂರ್ತಿ ತಪ್ಪು.

ಚಿತ್ರ ಸಂಸ್ಕರಣದ ತರಗತಿಗಳಲ್ಲಿ ಈ ಪ್ರಯೋಗವನ್ನು ಹೇಳುವಾಗ ಅಮೆರಿಕದ ಎಂಐಟಿಯ ಒಪನ್‌ಹೈಮ್ ಮತ್ತು ಲಿಮ್ ಅವರು 1981ರಲ್ಲಿ ಪ್ರಕಟಿಸಿದ ಲೇಖನವನ್ನು ನೆನೆಯುವುದು ವಾಡಿಕೆ, ಮತ್ತು ಅದು ನ್ಯಾಯವೂ ಹೌದು. ಆದರೆ ಅದಕ್ಕೂ ಇಪ್ಪತ್ತು ವರ್ಷ ಮೊದಲು, 1961ರಲ್ಲಿ, ಮದರಾಸು ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಆರ್. ಶ್ರೀನಿವಾಸನ್ ಅವರು ಸ್ಫಟಿಕಗಳ ವಿಷಯದಲ್ಲಿ ಇದೇ ಮಾತನ್ನು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದರು. ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು, ಮುಂದೆ ಅಲ್ಲಿಗೇ ಮರಳಿ ಬಂದವರು. ಸ್ಫಟಿಕದ ಮೇಲೆ ಎಕ್ಸ್-ಕಿರಣ ಬಿದ್ದು ಚದುರಿದಾಗ ಅಳೆಯಲು ಸಿಗುವುದು ತೀವ್ರತೆ ಮಾತ್ರ, ಅಂದರೆ ಪರಿಮಾಣದ ವರ್ಗ. ಪ್ರಾವಸ್ಥೆ ಕೈಗೆ ಸಿಗದೆ ಹೋಗುತ್ತದೆ. ಒಂದು ರಚನೆಯ ಪರಿಮಾಣಗಳಿಗೆ ಇನ್ನೊಂದು ರಚನೆಯ ಪ್ರಾವಸ್ಥೆಗಳನ್ನು ಹಾಕಿ ಎಲೆಕ್ಟ್ರಾನ್ ಸಾಂದ್ರತೆಯನ್ನು ಕಟ್ಟಿದರೆ ಪರಮಾಣುಗಳು ಎರಡನೆಯ ರಚನೆಯ ಜಾಗಗಳಲ್ಲಿ ಕಾಣಿಸಿಕೊಳ್ಳುತ್ತವೆ. ಆ ಕ್ಷೇತ್ರದಲ್ಲಿ ಇದು ಬರಿಯ ಕುತೂಹಲವಲ್ಲ, ಎಚ್ಚರಿಕೆ: ಊಹಿಸಿದ ಮಾದರಿಯ ಪ್ರಾವಸ್ಥೆಯನ್ನು ಬಳಸಿದರೆ, ಅಳತೆಗಳು ಬೇರೆಯದನ್ನು ಹೇಳುತ್ತಿದ್ದರೂ ನಕ್ಷೆಯಲ್ಲಿ ಮಾದರಿಯೇ ಮರಳಿ ಕಾಣುವ ಅಪಾಯವಿದೆ.

ಸಭೆಯಲ್ಲಿ ಒಬ್ಬರು ಕೇಳಿದರು: “ಹಾಗಾದರೆ ಪರಿಮಾಣದಲ್ಲಿ ಮಾಹಿತಿಯೇ ಇಲ್ಲವೇ ಸರ್?” ಇದೆ, ಮತ್ತು ಇಲ್ಲಿ ಮಾತನ್ನು ಬಿಗಿಯಾಗಿ ಹಿಡಿಯಬೇಕು. ಪರಿಮಾಣದ ವರ್ಗವನ್ನು ವಿಲೋಮ ರೂಪಾಂತರ ಮಾಡಿದರೆ ಸಿಗುವುದು ಚಿತ್ರದ ಸ್ವಸಹಸಂಬಂಧ, ಅಂದರೆ ಚಿತ್ರವನ್ನು ಇಷ್ಟು ದೂರ ಸರಿಸಿ ಅದರ ಮೇಲೇ ಇಟ್ಟರೆ ಎಷ್ಟು ಹೊಂದುತ್ತದೆ ಎಂಬ ಪಟ್ಟಿ. ಯಾವ ದಿಕ್ಕಿನಲ್ಲಿ ಗೆರೆಗಳು ಹೆಚ್ಚು, ಎಷ್ಟು ಅಂತರದಲ್ಲಿ ವಿನ್ಯಾಸ ಮರುಕಳಿಸುತ್ತದೆ, ಒಟ್ಟಾರೆ ಎಷ್ಟು ಮಸುಕು, ಇವೆಲ್ಲವೂ ಅದರಲ್ಲಿವೆ. ಅಷ್ಟೇ ಅಲ್ಲ, ಚಿತ್ರದ ಸುತ್ತ ಸಾಕಷ್ಟು ಸೊನ್ನೆಗಳ ಅಂಗಳವಿದ್ದರೆ, ಎರಡು ಆಯಾಮದಲ್ಲಿ ಪರಿಮಾಣವೊಂದರಿಂದಲೇ ಚಿತ್ರವನ್ನು ಬಹುತೇಕ ಯಾವಾಗಲೂ ಮರಳಿ ಪಡೆಯಲು ಗಣಿತ ಅವಕಾಶ ಕೊಡುತ್ತದೆ. ಜಾಗ, ತಲೆಕೆಳಗು, ಚಿಹ್ನೆ ಇವಿಷ್ಟು ಮಾತ್ರ ಅನಿಶ್ಚಿತವಾಗಿ ಉಳಿಯುತ್ತವೆ. ಗರ್ಚ್‌ಬರ್ಗ್ ಮತ್ತು ಸ್ಯಾಕ್ಸ್ಟನ್ 1972ರಲ್ಲಿ ಕೊಟ್ಟ ವಿಧಾನ, ಅದನ್ನು ಬೆಳೆಸಿದ ಫೀನಪ್ ಅವರ ವಿಧಾನಗಳು ಪ್ರಾವಸ್ಥೆಯನ್ನು ಹುಡುಕುವುದಕ್ಕೆಂದೇ ಹುಟ್ಟಿದವು. ಆದರೆ ಆ ದಾರಿಯಲ್ಲಿ ಹಂತಹಂತವಾಗಿ ಹುಡುಕಾಟ ಬೇಕು, ಚಿತ್ರದ ಬಗ್ಗೆ ಬೇರೆ ಅರಿವೂ ಬೇಕು. ಆದ್ದರಿಂದ ‘ಮಾಹಿತಿ ಪ್ರಾವಸ್ಥೆಯಲ್ಲಿ ಮಾತ್ರ ಇದೆ’ ಎಂಬುದು ತಪ್ಪು. ವಿಲೋಮ ರೂಪಾಂತರ ಮಾಡಿದೊಡನೆ ಕಣ್ಣಿಗೆ ಕಾಣುವಂತೆ ಇರುವ ರಚನೆ ಪ್ರಾವಸ್ಥೆಯಲ್ಲಿದೆ ಎಂಬುದಷ್ಟೇ ಸರಿ.

ಈ ಮಾತೂ ಎಲ್ಲ ಚಿತ್ರಗಳಿಗೂ ನಿಲ್ಲುವುದಿಲ್ಲ. ಒಂದೇ ಸೈನ್ ಅಲೆಯ ಪಟ್ಟೆಗಳಿರುವ ಚಿತ್ರದಲ್ಲಿ ಒಂದು ಜೊತೆ ಆವೃತ್ತಿಗಳನ್ನು ಬಿಟ್ಟು ಉಳಿದೆಡೆ ಪರಿಮಾಣ ಸೊನ್ನೆ. ಅದರ ಪರಿಮಾಣಕ್ಕೆ ಯಾರ ಪ್ರಾವಸ್ಥೆಯನ್ನೇ ಹಾಕಿ, ಬರುವುದು ಅದೇ ಪಟ್ಟೆ. ಪ್ರಾವಸ್ಥೆ ಅದನ್ನು ಆಚೀಚೆ ಸರಿಸಬಲ್ಲದು, ಅಷ್ಟೇ. ಸೊನ್ನೆಯಿಂದ ಗುಣಿಸಿದ ಕೋನಕ್ಕೆ ಬೆಲೆಯೇ ಇಲ್ಲ. ನಿಜವಾದ ಚಿತ್ರಗಳಲ್ಲಿ ಇದಕ್ಕೆ ಹತ್ತಿರ ಬರುವುದು ಒಂದೇ ಅಳತೆಯಲ್ಲಿ ಮತ್ತೆ ಮತ್ತೆ ಬರುವ ವಿನ್ಯಾಸ: ಚೌಕುಳಿ ಬಟ್ಟೆ, ಜಾಲಂಧ್ರ, ಇಟ್ಟಿಗೆ ಗೋಡೆ. `skimage` ಕೊಡುವ `brick` ಚಿತ್ರದ ಪರಿಮಾಣವನ್ನು ತೆಗೆದುಕೊಂಡು ನೋಡಿದರೆ, 1/f ನಿಯಮವನ್ನು ಮೀರಿದ ಪರಿಮಾಣ ಎಷ್ಟರ ಮಟ್ಟಿಗೆ ತನ್ನ ಗುರುತನ್ನು ಬಿಟ್ಟುಹೋಗುತ್ತದೆ ಎಂಬುದನ್ನು ಪರಿಶೀಲಿಸಬಹುದು. ಇನ್ನೊಂದು ತುದಿಯಲ್ಲಿ ಮರಳು, ದೂರದ ಹುಲ್ಲುಗಾವಲಿನಂಥ ನುಣ್ಣನೆಯ ಹರಳು ವಿನ್ಯಾಸಗಳಿವೆ. ಇವುಗಳ ಪ್ರಾವಸ್ಥೆಯನ್ನು ಪೂರ್ತಿ ಯಾದೃಚ್ಛಿಕ ಕೋನಗಳಿಂದ ಬದಲಿಸಿದರೂ ಮರಳು ಮರಳಾಗಿಯೇ ಕಾಣುತ್ತದೆ. ಅಲ್ಲಿ ಯಾವ ಕಾಳು ಎಲ್ಲಿದೆ ಎಂಬುದು ನಮಗೆ ಬೇಕಿರಲಿಲ್ಲ. ಬೇಕಿದ್ದದ್ದು ಕಾಳಿನ ಸರಾಸರಿ ಗಾತ್ರ ಮತ್ತು ಒತ್ತು, ಅದನ್ನು ಪರಿಮಾಣ ಕಾಪಾಡುತ್ತದೆ.

ಪ್ರಯೋಗ ಮಾಡುವವರಿಗೆ ಇನ್ನೆರಡು ಮಾತು. ಈ ರೂಪಾಂತರದ ಲೆಕ್ಕದಲ್ಲಿ ಚಿತ್ರದ ಎಡ ಅಂಚು ಬಲ ಅಂಚಿಗೆ, ಮೇಲಂಚು ಕೆಳ ಅಂಚಿಗೆ ಅಂಟಿಕೊಂಡಿರುತ್ತವೆ. ಮೇಲೆ ಬಿಳಿಯ ಆಕಾಶ, ಕೆಳಗೆ ಕಪ್ಪು ನೆಲ ಇದ್ದರೆ ಅವು ಸೇರುವಲ್ಲಿ ಚಿತ್ರದಲ್ಲಿಲ್ಲದ ಒಂದು ದೊಡ್ಡ ಅಂಚು ಹುಟ್ಟಿ, ಪರಿಮಾಣದಲ್ಲಿ ಲಂಬ ಅಕ್ಷದ ಉದ್ದಕ್ಕೂ ಬೆಳಗುವ ಗೆರೆಯಾಗಿ ನಿಲ್ಲುತ್ತದೆ; ಎಡಬಲ ಅಂಚುಗಳೂ ಹೊಂದದಿದ್ದರೆ ಅಡ್ಡ ಅಕ್ಷದಲ್ಲಿಯೂ ಗೆರೆ ಮೂಡಿ, ಎರಡೂ ಸೇರಿ ಶಿಲುಬೆಯಾಗುತ್ತದೆ. ಅದಲುಬದಲಾದ ಚಿತ್ರದಲ್ಲಿ ಅಡ್ಡಕ್ಕೂ ಉದ್ದಕ್ಕೂ ಕಾಣುವ ಗೀರುಗಳಲ್ಲಿ ಒಂದು ಪಾಲು ಇದರದೇ. ಎರಡೂ ಚಿತ್ರಗಳನ್ನು ಅಂಚಿನ ಕಡೆಗೆ ಮೆಲ್ಲಗೆ ಸೊನ್ನೆಗೆ ಇಳಿಯುವ ಹಾನ್ ಕಿಟಕಿಯಿಂದ ಗುಣಿಸಿಕೊಂಡರೆ ಶಿಲುಬೆ ಅಡಗುತ್ತದೆ. ಎರಡನೆಯದು ತೋರಿಸುವ ರೀತಿ: ಫಲಿತಾಂಶದಲ್ಲಿ ಋಣ ಬೆಲೆಗಳಿರುತ್ತವೆ. ಅದನ್ನು 255ರಿಂದ ಗುಣಿಸಿ ನೇರವಾಗಿ 8 ಬಿಟ್ ಪೂರ್ಣಾಂಕಕ್ಕೆ ಪರಿವರ್ತಿಸಿದರೆ ಕಪ್ಪಾಗಬೇಕಾದದ್ದು ಬೆಳ್ಳಗಾಗಿ ಮೂಡಬಹುದು, ಗೊಂದಲದ ಹೊಣೆ ಗಣಿತದ ಮೇಲೆ ಬೀಳುತ್ತದೆ. ಅತಿ ಕಡಿಮೆ ಮತ್ತು ಅತಿ ಹೆಚ್ಚು ಬೆಲೆಯ ಶೇಕಡಾ 1ರಷ್ಟು ಪಿಕ್ಸೆಲ್‌ಗಳ ಬೆಲೆಗಳನ್ನು ಕತ್ತರಿಸಿ ನಡುವಿನ ಬೆಲೆಗಳನ್ನು ಹಿಗ್ಗಿಸಿ ತೋರಿಸುವುದು ಸಾಕು.

ಕೊನೆಯದಾಗಿ, ಈವರೆಗಿನ ಮಾತೆಲ್ಲ ಇಡೀ ಚಿತ್ರಕ್ಕೆ ಒಂದೇ ರೂಪಾಂತರ ಮಾಡಿದಾಗಿನದು. ಚಿತ್ರವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಬೇರೆಯಾಗಿ ರೂಪಾಂತರ ಮಾಡಿ ಅದಲುಬದಲು ನಡೆಸಿದರೆ ಫಲ ಮೆಲ್ಲಮೆಲ್ಲನೆ ತಿರುಗುತ್ತದೆ. ತುದಿಗೆ ಹೋಗಿ ನೋಡಿ: ತುಂಡು ಒಂದೇ ಪಿಕ್ಸೆಲ್ಲಿನದಾದರೆ ಅದರ ರೂಪಾಂತರ ಆ ಪಿಕ್ಸೆಲ್ಲೇ. ಅದು ಧನ ಸಂಖ್ಯೆಯಾದ್ದರಿಂದ ಪ್ರಾವಸ್ಥೆ ಸೊನ್ನೆ, ಇಡೀ ಚಿತ್ರ ಪರಿಮಾಣದಲ್ಲಿದೆ, ಆಗ ಗೆಲ್ಲುವುದು ಪರಿಮಾಣ ಕೊಟ್ಟ ಚಿತ್ರ. ತುಂಡಿನ ಗಾತ್ರ ಕಿರಿದಾದಷ್ಟೂ ‘ಎಲ್ಲಿ’ ಎಂಬುದನ್ನು ತುಂಡಿನ ಸ್ಥಾನವೇ ಹೇಳಿಬಿಡುವುದರಿಂದ ಪ್ರಾವಸ್ಥೆಗೆ ಉಳಿಯುವ ಕೆಲಸ ಕಡಿಮೆ. ಮಾತಿನ ಧ್ವನಿಯನ್ನು ಕೆಲವು ಹತ್ತು ಮಿಲಿಸೆಕೆಂಡುಗಳ ತುಂಡುಗಳಾಗಿ ವಿಶ್ಲೇಷಿಸುವವರು ಪ್ರಾವಸ್ಥೆಯನ್ನು ಬದಿಗಿಟ್ಟು ಪರಿಮಾಣದಿಂದಲೇ ಬಹಳಷ್ಟು ಕೆಲಸ ಮಾಡಿಕೊಳ್ಳುವುದೂ ಇದೇ ಕಾರಣಕ್ಕೆ. ಮೇಲಿನ ಕೋಡಿಗೆ 512ರಿಂದ ಶುರುಮಾಡಿ 256, 128, 64 ಎಂದು ತುಂಡಿನ ಅಳತೆಯನ್ನು ಇಳಿಸುತ್ತ ಹೋಗುವ ಒಂದು ಸುತ್ತನ್ನು ಸೇರಿಸಿದರೆ, ಗಗನಯಾತ್ರಿ ಕರಗಿ ಛಾಯಾಗ್ರಾಹಕ ಮೇಲೆ ಬರುವುದು ಯಾವ ಅಳತೆಯಲ್ಲಿ ಎಂಬುದನ್ನು ಕಣ್ಣಾರೆ ನೋಡಬಹುದು. ಆಗ ಮೇಲಿನ ಕೋಡಿನಲ್ಲಿರುವಂತೆ ಇಡೀ ಚಿತ್ರದಿಂದಾಗಲಿ, ಪ್ರತಿ ತುಂಡಿನಿಂದಾಗಲಿ ಸರಾಸರಿಯನ್ನು ಕಳೆಯಬಾರದು. ಚಿಕ್ಕ ತುಂಡುಗಳಲ್ಲಿ ಆ ಸರಾಸರಿಯೇ ಪರಿಮಾಣದ ಮುಖ್ಯ ಪಾಲು.